ಸೊಪ್ಪಿನ ಟಿಎಲ್‌ಸಿ ಯಾಕೋ ಸರಿ ಬರ್ತಿಲ್ಲ: ಚುಕ್ಕೆ ನೋಡಿ ತಪ್ಪು ಹಿಡಿಯುವ ಬಗೆ

ಟಿಎಲ್‌ಸಿ ಅಂದರೆ ಥಿನ್ ಲೇಯರ್ ಕ್ರೊಮ್ಯಾಟೊಗ್ರಫಿ: ಪ್ಲೇಟಿನ ತೆಳು ಸಿಲಿಕಾ ಪದರದ ಮೇಲೆ ದ್ರಾವಕ ಏರುವಾಗ ಸೊಪ್ಪಿನ ಬಣ್ಣಗಳು ಬೇರೆಬೇರೆ ಚುಕ್ಕೆಗಳಾಗಿ ಬಿಡಿಸಿಕೊಳ್ಳುವ ವಿಧಾನ. ಮಳೆಗಾಲದ ಒಂದು ಮಧ್ಯಾಹ್ನ, ನಮ್ಮ ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಅಂಥ ಪ್ಲೇಟನ್ನು ಬೆಳಕಿಗೆ ಹಿಡಿದುಕೊಂಡು ಬಂದಳು. "ಮೇಡಂ, ಹಸಿರು ಬರಬೇಕಾದ ಜಾಗದಲ್ಲಿ ಬೂದಿ ಬಣ್ಣದ್ದು ಬಂದಿದೆ. ಆದರೆ ಆರ್‌ಎಫ್ ಮಾತ್ರ ಪುಸ್ತಕದ ಹತ್ತಿರಾನೇ ಇದೆ." ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಎಷ್ಟು ಪಾಲು ಏರಿತು ಅನ್ನುವ ಸಂಖ್ಯೆಯೇ ಆರ್‌ಎಫ್. ಅವಳ ಪ್ಲೇಟಿನಲ್ಲಿ ಮೂರು ತಪ್ಪುಗಳು ಒಟ್ಟಿಗೆ ಸೇರಿದ್ದವು. ಮೂರೂ ಸೇರಿ ಒಂದನ್ನೊಂದು ಮುಚ್ಚಿಹಾಕಿದ್ದವು. ಅವನ್ನು ಬಿಡಿಸಿದ್ದು ಹೇಗೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ದಿನಾ ಕಾಣುವ ಸಣ್ಣ ತೊಂದರೆಗಳನ್ನು ಮುಗಿಸಿಬಿಡೋಣ. ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಕೊನೆಗೆ.

## ಮೊದಲು, ಸರಿ ಬಂದ ಪ್ಲೇಟ್ ಹೇಗಿರುತ್ತೆ?

ನಾನು ಇಲ್ಲಿ ಹೇಳುವುದೆಲ್ಲ ಒಂದೇ ವ್ಯವಸ್ಥೆಗೆ ಸಂಬಂಧಿಸಿದ್ದು. ಅಲ್ಯೂಮಿನಿಯಂ ಹಾಳೆಯ ಮೇಲೆ ಸಿಲಿಕಾ ಬಳಿದ ರೆಡಿಮೇಡ್ ಪ್ಲೇಟು, ಎರಡೂವರೆ ಸೆಂಟಿಮೀಟರ್ ಅಗಲ, ಏಳೂವರೆ ಎತ್ತರಕ್ಕೆ ಕತ್ತರಿಸಿದ್ದು. ಕೆಳಗಿನಿಂದ 1 ಸೆಂಟಿಮೀಟರ್ ಮೇಲೆ ಪೆನ್ಸಿಲ್ ಗೆರೆ. ದ್ರಾವಕ ಹೆಕ್ಸೇನ್ ಏಳು ಪಾಲು, ಅಸಿಟೋನ್ ಮೂರು ಪಾಲು. 250 ಮಿಲಿ ಬೀಕರಿಗೆ 14 ಮಿಲಿ ಹೆಕ್ಸೇನ್, 6 ಮಿಲಿ ಅಸಿಟೋನ್ ಹಾಕಿದರೆ ತಳದಲ್ಲಿ ಅರ್ಧ ಸೆಂಟಿಮೀಟರಿನಷ್ಟು ನಿಲ್ಲುತ್ತದೆ. ಹೆಕ್ಸೇನ್ ಇಲ್ಲದಿದ್ದರೆ 60–80 ಪೆಟ್ರೋಲಿಯಂ ಈಥರ್ ಸಾಕು, ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ತಾಜಾ ಪಾಲಕ್ ಸೊಪ್ಪನ್ನು ಅಸಿಟೋನಿನಲ್ಲಿ ಅರೆದು ತೆಗೆದ ಹಸಿರು ಸಾರವನ್ನು ಆ ಗೆರೆಯ ಮೇಲೆ ಚುಕ್ಕೆಯಾಗಿ ಇಟ್ಟು, ಪ್ಲೇಟನ್ನು ಬೀಕರಿನಲ್ಲಿ ನಿಲ್ಲಿಸಿ ದ್ರಾವಕ ಏರಲು ಬಿಟ್ಟಾಗ, ಅಂದರೆ ಓಡಿಸಿದಾಗ, ತುತ್ತತುದಿಯಲ್ಲಿ ಕಿತ್ತಳೆ ಹಳದಿ ಚುಕ್ಕೆ ನಿಲ್ಲುತ್ತದೆ. ಅದು ಕ್ಯಾರೋಟಿನ್, ಆರ್‌ಎಫ್ ಸುಮಾರು 0.93. ಅಲ್ಲಿಂದ ಕೆಳಗೆ ದೊಡ್ಡ ಖಾಲಿ ಜಾಗ. ನಂತರ ನಡುವಿನಲ್ಲಿ ನೀಲಿಹಸಿರು ಚುಕ್ಕೆ, ಕ್ಲೋರೋಫಿಲ್ ಎ, ಸುಮಾರು 0.48. ಅದರ ಕಾಲಿಗೇ ಅಂಟಿಕೊಂಡಂತೆ ಹಳದಿಹಸಿರು ಚುಕ್ಕೆ, ಕ್ಲೋರೋಫಿಲ್ ಬಿ, 0.43ರ ಆಸುಪಾಸು. ಅದಕ್ಕೂ ಕೆಳಗೆ ಎರಡೋ ಮೂರೋ ತೆಳು ಹಳದಿ ಚುಕ್ಕೆಗಳು, 0.4ರಿಂದ 0.2ರವರೆಗೆ. ಅವು ಜ್ಯಾಂಥೋಫಿಲ್‌ಗಳು. ಕ್ಲೋರೋಫಿಲ್ ಎ ಮೇಲೆ ಒಂದು ಬೂದಿ ನೆರಳು ತೆಳ್ಳಗೆ ಕಂಡರೆ ಗಾಬರಿ ಬೇಡ. ಅದು ಎಲ್ಲರಿಗೂ ಸ್ವಲ್ಪ ಬರುತ್ತದೆ.

ಓಡಿಸುವ ಮೊದಲು ಒಂದು ಮಾತು. ಹೆಕ್ಸೇನ್ ಮತ್ತು ಅಸಿಟೋನ್ ಎರಡೂ ಕೋಣೆಯ ಬಿಸಿಗೇ ಆವಿಯಾಗಿ, ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತವೆ. ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ ಹರಿದುಕೊಂಡು ಹೋಗಿ, ದೂರದ ಮೇಜಿನಲ್ಲಿ ಉರಿಯುವ ಬರ್ನರ್‌ವರೆಗೂ ತಲುಪುತ್ತದೆ. ಹಾಗಾಗಿ ಆ ಕೋಣೆಯಲ್ಲಿ ಯಾರೂ ಬೆಂಕಿ ಹಚ್ಚಬಾರದು, ಹಾಟ್‌ಪ್ಲೇಟ್ ಕೂಡ ಆಫ್ ಇರಬೇಕು. ಹೆಕ್ಸೇನ್ ಆವಿಯನ್ನು ದಿನಗಟ್ಟಲೆ ಉಸಿರಾಡಿದರೆ ನರಗಳಿಗೆ ಹಾನಿಯಾಗುತ್ತದೆ. ಫ್ಯೂಮ್ ಹುಡ್ ಇದ್ದರೆ ಅದರೊಳಗೆ, ಇಲ್ಲದಿದ್ದರೆ ಕಿಟಕಿಯೆಲ್ಲ ತೆಗೆದು ಮಾಡಿ. ತಲೆ ಭಾರ ಅನ್ನಿಸಿದರೆ ಬೀಕರ್ ಮುಚ್ಚಿ ಹೊರಗೆ ಹೋಗಿ. ಹಳೇ ಪ್ರಾಕ್ಟಿಕಲ್ ಪುಸ್ತಕದಲ್ಲಿ ಬೆಂಜೀನ್ ಅಂತ ಬರೆದಿದ್ದರೆ ಆ ವಿಧಾನವನ್ನೇ ಬಿಟ್ಟುಬಿಡಿ. ಅದು ಕ್ಯಾನ್ಸರ್ ತರುವ ವಸ್ತು. ಮನೆಯಲ್ಲಿ ಪೆಟ್ರೋಲ್ ಹಾಕಿ ನೋಡೋಣ ಅಂತ ಕೇಳಿದವರೂ ಇದ್ದಾರೆ. ದಯವಿಟ್ಟು ಬೇಡ.

## ಚುಕ್ಕೆ ಮೇಲೆ ಹೋಗಲೇ ಇಲ್ಲ, ಬೀಕರಿನ ತಳ ಹಸಿರಾಗಿದೆ

ಇದು ಎಲ್ಲಕ್ಕಿಂತ ಸುಲಭದ್ದು. ದ್ರಾವಕ ಪೆನ್ಸಿಲ್ ಗೆರೆಗಿಂತ ಮೇಲಿತ್ತು. ಚುಕ್ಕೆ ಪ್ಲೇಟ್ ಹತ್ತುವ ಬದಲು ಬೀಕರಿಗೆ ತೊಳೆದುಹೋಯಿತು. ಆ ಪ್ಲೇಟನ್ನು ಉಳಿಸಲು ದಾರಿ ಇಲ್ಲ, ದ್ರಾವಕವನ್ನೂ ಬದಲಿಸಬೇಕು. ಪ್ಲೇಟ್ ಇಳಿಸುವ ಮೊದಲು ಅದನ್ನು ಬೀಕರಿನ ಹೊರಗೆ ಪಕ್ಕದಲ್ಲಿ ಹಿಡಿದು ನೋಡಿ. ದ್ರಾವಕದ ಮಟ್ಟ ಗೆರೆಗಿಂತ ಕೆಳಗೇ ಇದೆಯಾ ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಗೆರೆಯೇ ನೀಲಿಯಾಗಿ ಮೇಲೆ ಓಡಿದ್ದರೆ, ಯಾರೋ ಪೆನ್ನಿನಲ್ಲಿ ಎಳೆದಿದ್ದಾರೆ. ಶಾಯಿಯೂ ಬಣ್ಣವೇ ಅಲ್ವಾ, ಅದೂ ಬೇರ್ಪಡುತ್ತದೆ.

## ಚುಕ್ಕೆ ಬಾಲ ಬಿಟ್ಟಿದೆ, ಎಲ್ಲ ಬಣ್ಣ ಒಂದಕ್ಕೊಂದು ಮೆತ್ತಿಕೊಂಡಿದೆ

ಪ್ಲೇಟಿನ ಮೇಲೆ ಚುಕ್ಕೆಗಳ ಬದಲು ಕುಂಚದಲ್ಲಿ ಬಳಿದ ಹಾಗೆ ಹಸಿರು ಪಟ್ಟೆ. ಕಾರಣ ಎರಡರಲ್ಲಿ ಒಂದು. ಸಾರ ಜಾಸ್ತಿ ಇಟ್ಟಿದ್ದೀರಿ, ಇಲ್ಲವೇ ಸಾರದಲ್ಲಿ ನೀರಿದೆ.

ಮೊದಲು ಕಾಸಿಲ್ಲದ ಪರೀಕ್ಷೆ. ಅದೇ ಸಾರವನ್ನು ಅದೇ ಪ್ಲೇಟಿನ ಮೇಲೆ ಮೂರು ಕಡೆ ಇಡಿ. ಒಂದು ಕಡೆ ಒಂದು ಸಲ, ಇನ್ನೊಂದು ಕಡೆ ಮೂರು ಸಲ, ಮತ್ತೊಂದು ಕಡೆ ಎಂಟು ಸಲ. ಓಡಿಸಿ. ಒಂದು ಸಲ ಇಟ್ಟದ್ದು ಚೊಕ್ಕವಾಗಿ ಬಿಡಿಬಿಡಿಯಾಗಿ, ಎಂಟು ಸಲದ್ದು ಬಾಲ ಬಿಟ್ಟಿದ್ದರೆ ತಪ್ಪು ಪ್ರಮಾಣದ್ದು. ಮೂರೂ ಒಂದೇ ಥರ ಹರಡಿದ್ದರೆ ತಪ್ಪು ಸಾರದ್ದು.

ಪ್ರಮಾಣದ ತಪ್ಪಿಗೆ ಔಷಧಿ ಕೈಯಲ್ಲಿದೆ. ಚುಕ್ಕೆ ಇಡುವ ಸಣ್ಣ ಗಾಜಿನ ಕೊಳವೆ, ಅಂದರೆ ಕ್ಯಾಪಿಲರಿಯನ್ನು, ಸಿಲಿಕಾಗೆ ಒತ್ತಬಾರದು. ಒತ್ತಿದರೆ ಸಿಲಿಕಾ ಕಿತ್ತು ಸಣ್ಣ ಗುಳಿ ಬೀಳುತ್ತದೆ, ದ್ರಾವಕ ಅಲ್ಲಿ ಸುತ್ತಿಕೊಂಡು ಹೋಗುತ್ತದೆ. ನೊಣ ಕೂತು ಎದ್ದ ಹಾಗೆ ಮುಟ್ಟಿ ತೆಗೆಯಬೇಕು. ಹಸಿ ಚುಕ್ಕೆ 2 ಮಿಲಿಮೀಟರ್ ದಾಟಬಾರದು. ಒಣಗಲು ಹತ್ತು ಎಣಿಸಿ, ಮತ್ತೆ ಅದೇ ಜಾಗಕ್ಕೆ ಮುಟ್ಟಿಸಿ. ಆತುರದಲ್ಲಿ ಒದ್ದೆಯ ಮೇಲೆ ಒದ್ದೆ ಇಟ್ಟರೆ ಚುಕ್ಕೆ ಬಟಾಣಿಯಷ್ಟು ಅಗಲವಾಗುತ್ತದೆ. ಶುರುವಿನಲ್ಲೇ ಅಷ್ಟು ಅಗಲ ಇದ್ದದ್ದು ಮೇಲೆ ಹೋಗಿ ಸಣ್ಣದಾಗುವುದಿಲ್ಲ. ಕ್ಲೋರೋಫಿಲ್ ಎ ಮತ್ತು ಬಿ ನಡುವೆ ಇರುವುದೇ 3 ಮಿಲಿಮೀಟರ್ ಅಂತರ.

ನೀರಿನ ತಪ್ಪು ಹಿಡಿಯುವುದೂ ಸುಲಭ. ಅಸಿಟೋನ್ ಸಾರದ ಚುಕ್ಕೆ ಕೆಲವು ಸೆಕೆಂಡಿಗೆ ಒಣಗಬೇಕು. ಅರ್ಧ ನಿಮಿಷವಾದರೂ ನಡುವೆ ಒದ್ದೆ ಮಚ್ಚೆ ಉಳಿದಿದ್ದರೆ, ಅದು ಸೊಪ್ಪಿನ ನೀರು. ಪಾಲಕ್ ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. 2 ಗ್ರಾಂ ಸೊಪ್ಪನ್ನು 5 ಮಿಲಿ ಅಸಿಟೋನಿನಲ್ಲಿ ಅರೆದರೆ ಹೆಚ್ಚುಕಡಿಮೆ 2 ಮಿಲಿ ನೀರೂ ಅದಕ್ಕೆ ಸೇರುತ್ತದೆ.

ತೊಳೆದ ಸೊಪ್ಪನ್ನು ಬಟ್ಟೆಯಲ್ಲಿ ಒತ್ತಿ ಒರೆಸುವುದು ಮೊದಲ ಹೆಜ್ಜೆ. ಅದು ಸಾಲದಿದ್ದರೆ ಬಣ್ಣವನ್ನು ಹೆಕ್ಸೇನಿಗೆ ದಾಟಿಸಿ. ಪ್ರನಾಳದಲ್ಲಿ 5 ಮಿಲಿ ಹಸಿರು ಸಾರ, 3 ಮಿಲಿ ಹೆಕ್ಸೇನ್, 5 ಮಿಲಿ ಉಪ್ಪುನೀರು ಹಾಕಿ ಮುಚ್ಚಿ. ನಿಧಾನಕ್ಕೆ ಮೇಲೆ ಕೆಳಗೆ ತಿರುಗಿಸಿ, ನಡುನಡುವೆ ಮುಚ್ಚಳ ತೆಗೆದು ಆವಿ ಬಿಡಿ. ಮಜ್ಜಿಗೆ ಕಡೆದ ಹಾಗೆ ಜೋರಾಗಿ ಕುಲುಕಿದರೆ ನೊರೆ ಕಟ್ಟಿ ಪದರವೇ ಬೇರೆಯಾಗುವುದಿಲ್ಲ. ಎರಡು ನಿಮಿಷ ಬಿಟ್ಟರೆ ಮೇಲಿನ ಪದರ ಗಾಢ ಹಸಿರು, ಕೆಳಗಿನದು ಬಣ್ಣ ಕಳೆದುಕೊಂಡಿರುತ್ತದೆ. ಮೇಲಿನದನ್ನು ಮಾತ್ರ ಡ್ರಾಪರಿನಲ್ಲಿ ತೆಗೆದು ಒಣ ಸೋಡಿಯಂ ಸಲ್ಫೇಟಿನ ಮೇಲೆ ಹಾಕಿ. ಪುಡಿ ಗಂಟು ಕಟ್ಟಿದರೆ ಇನ್ನೂ ನೀರಿದೆ ಅಂತ ಅರ್ಥ, ಸ್ವಲ್ಪ ಸೇರಿಸಿ. ಅಲ್ಲಾಡಿಸಿದಾಗ ಪುಡಿ ಮರಳಿನ ಹಾಗೆ ಹರಿದಾಡಿದರೆ ಸಾರ ಒಣಗಿದೆ.

ಬಸಳೆ ಸೊಪ್ಪಿನಲ್ಲಿ ಮಾತ್ರ ಈ ಪ್ರಯೋಗ ಬೇಡ. ಅದರ ಲೋಳೆ ಎಲ್ಲವನ್ನೂ ಕಟ್ಟಿಹಾಕುತ್ತದೆ. ಸಾಂಬಾರಿಗೆ ಒಳ್ಳೆಯದು, ಕ್ಯಾಪಿಲರಿಗೆ ಅಲ್ಲ.

## ಎಲ್ಲ ಚುಕ್ಕೆಗಳೂ ತುದಿಗೆ ಹೋಗಿವೆ, ಅಥವಾ ಎಲ್ಲವೂ ಬುಡದಲ್ಲೇ ಕೂತಿವೆ

ಇದು ದ್ರಾವಕದ ಕಥೆ. ಸಿಲಿಕಾದ ಮೈತುಂಬ ಆಕ್ಸಿಜನ್-ಹೈಡ್ರೋಜನ್ ಜೋಡಿಗಳಿರುತ್ತವೆ. ತನ್ನಲ್ಲೂ ಆಕ್ಸಿಜನ್ ಇರುವ ಬಣ್ಣವನ್ನು ಅವು ಹಿಡಿದುಕೊಳ್ಳುತ್ತವೆ. ಕ್ಯಾರೋಟಿನ್‌ನಲ್ಲಿ ಆಕ್ಸಿಜನ್ನೇ ಇಲ್ಲ. ಹಾಗಾಗಿ ಅದನ್ನು ಹಿಡಿಯುವವರಿಲ್ಲ, ಹೆಕ್ಸೇನ್ ಜೊತೆ ಸಲೀಸಾಗಿ ಓಡುತ್ತದೆ. ಜ್ಯಾಂಥೋಫಿಲ್‌ಗಳಲ್ಲಿ ಆಕ್ಸಿಜನ್ ಇದೆ, ಹೆಚ್ಚು ಇದ್ದಷ್ಟೂ ಕೆಳಗೆ ನಿಲ್ಲುತ್ತವೆ. ಅಸಿಟೋನ್ ಮಾಡುವ ಕೆಲಸ ಏನೆಂದರೆ, ಸಿಲಿಕಾದ ಆ ಜಾಗಗಳಲ್ಲಿ ತಾನೇ ಹೋಗಿ ಕೂತು ಬಣ್ಣವನ್ನು ಎಬ್ಬಿಸುವುದು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ.

ಆದ್ದರಿಂದ ಚುಕ್ಕೆಗಳೆಲ್ಲ ತುದಿಯಲ್ಲಿ ಗುಂಪಾಗಿದ್ದರೆ ಅಸಿಟೋನ್ ಜಾಸ್ತಿಯಾಗಿದೆ. 8:2ಕ್ಕೆ ಇಳಿಸಿ. ಕ್ಯಾರೋಟಿನ್ ಮಾತ್ರ ಮೇಲಿದ್ದು ಹಸಿರೆಲ್ಲ ಬುಡದಲ್ಲಿ ಮುದ್ದೆಯಾಗಿದ್ದರೆ ಅಸಿಟೋನ್ ಸಾಲದು. ಒಂದೊಂದೇ ಪಾಲು ಹೆಚ್ಚಿಸಿ ನೋಡಿ. ನಿಮಗೆ ಬೇಕಾದ ಚುಕ್ಕೆಗಳು 0.2ರಿಂದ 0.8ರ ನಡುವೆ ಬಿದ್ದರೆ ಸಾಕು, ಅಲ್ಲಿ ಬೇರ್ಪಡಿಕೆ ಕಣ್ಣಿಗೆ ಕಾಣುತ್ತದೆ. 9:1 ಅನ್ನುವ ಅನುಪಾತ ಅನೇಕ ಪುಸ್ತಕಗಳಲ್ಲಿದೆ. ಅದು ಕಾಗದದ ಕ್ರೊಮ್ಯಾಟೊಗ್ರಫಿಗೆ ಹೇಳಿದ್ದು. ಸಿಲಿಕಾ ಮೇಲೆ ಅದನ್ನೇ ಹಾಕಿದರೆ ಹಸಿರುಗಳು ತುಂಬಾ ಕೆಳಗೆ ಉಳಿಯುತ್ತವೆ.

ಅನುಪಾತ ಸರಿ ಇದ್ದೂ ನಿನ್ನೆಯ ಹಾಗೆ ಬರದಿದ್ದರೆ ಎರಡು ಅನುಮಾನ. ಒಂದು, ಬೆಳಿಗ್ಗೆಯ ದ್ರಾವಕವನ್ನೇ ಮೂರನೇ ಬ್ಯಾಚಿಗೂ ಬಳಸಿದ್ದೀರಿ. ಹೆಕ್ಸೇನಿಗಿಂತ ಅಸಿಟೋನ್ ಬೇಗ ಹಾರಿಹೋಗುತ್ತದೆ, ಹಾಗಾಗಿ ಚುಕ್ಕೆಗಳು ಬ್ಯಾಚಿನಿಂದ ಬ್ಯಾಚಿಗೆ ಕೆಳಗೆ ಇಳಿಯುತ್ತವೆ. ಹೊಸದಾಗಿ ಬೆರೆಸಿ. ಎರಡನೆಯದು ಮಳೆಗಾಲ. ಮಲೆನಾಡಿನ ಜುಲೈ ತಿಂಗಳಲ್ಲಿ ತೆರೆದಿಟ್ಟ ಪ್ಲೇಟು ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಆ ನೀರೇ ಸಿಲಿಕಾದ ಸೀಟುಗಳನ್ನು ಹಿಡಿದು ಕೂತರೆ ಬಣ್ಣಕ್ಕೆ ಹಿಡಿತ ತಪ್ಪುತ್ತದೆ, ಚುಕ್ಕೆಗಳು ಮೇಲಕ್ಕೆ ಜಾರುತ್ತವೆ. ಅಂದರೆ ಇಳಿದರೆ ದ್ರಾವಕ ಹಳತು, ಏರಿದರೆ ಪ್ಲೇಟು ಒದ್ದೆ. ಖಚಿತ ಮಾಡಿಕೊಳ್ಳಲು ಒಂದು ಪ್ಲೇಟನ್ನು ಓವನಿನಲ್ಲಿ 105ರಿಂದ 110 ಡಿಗ್ರಿಗೆ ಅರ್ಧ ಗಂಟೆ ಇಟ್ಟು, ಡೆಸಿಕೇಟರಿನಲ್ಲಿ ಆರಿಸಿ, ಒಣಗಿಸದ ಪ್ಲೇಟಿನ ಜೊತೆ ಅಕ್ಕಪಕ್ಕ ಓಡಿಸಿ. ಓವನ್ ದ್ರಾವಕದ ಕೋಣೆಯಲ್ಲಿ ಇರಬಾರದು, ಬೇರೆ ಕಡೆ ಇರಲಿ.

## ದ್ರಾವಕದ ಗೆರೆ ಓರೆಯಾಗಿದೆ, ಅಂಚಿನ ಚುಕ್ಕೆ ಮೇಲೆ, ನಡುವಿನದು ಕೆಳಗೆ

ಒಂದೇ ಸಾರವನ್ನು ಪ್ಲೇಟಿನ ಅಡ್ಡಕ್ಕೆ ಮೂರು ಕಡೆ ಇಟ್ಟಿದ್ದೀರಿ. ಅಂಚಿನ ಎರಡು ಹೆಚ್ಚು ಏರಿವೆ. ಬೀಕರಿನೊಳಗೆ ಆವಿ ತುಂಬಿಲ್ಲ ಅನ್ನುವುದರ ಗುರುತು ಇದು. ಅಂಚುಗಳಿಂದ ದ್ರಾವಕ ಆವಿಯಾಗುತ್ತಾ ಹೋಗುತ್ತದೆ, ಅದನ್ನು ತುಂಬಲು ಅಂಚಿನಲ್ಲಿ ಹೆಚ್ಚು ದ್ರಾವಕ ಹರಿಯುತ್ತದೆ, ಅದರ ಜೊತೆ ಚುಕ್ಕೆಯೂ. ಬೀಕರಿನ ಒಳಗೋಡೆಗೆ ಫಿಲ್ಟರ್ ಕಾಗದ ಸುತ್ತಿ, ದ್ರಾವಕದಲ್ಲಿ ತೋಯಿಸಿ, ವಾಚ್‌ಗ್ಲಾಸ್ ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಪ್ಲೇಟ್ ಇಳಿಸಿ. ಕಾಗದ ಪ್ಲೇಟಿನ ಅಂಚಿಗೆ ತಾಗದಿರಲಿ. ಇಡೀ ಗೆರೆ ಒಂದೇ ಕಡೆಗೆ ವಾಲಿದ್ದರೆ ಮಾತ್ರ ಕಾರಣ ಇನ್ನೂ ಸರಳ: ಪ್ಲೇಟು ಸೊಟ್ಟಗೆ ನಿಂತಿತ್ತು.

## ಬೂದಿ ಬಣ್ಣದ ಚುಕ್ಕೆ ದಪ್ಪಗಿದೆ, ಹಸಿರು ಮಾಯ

ಈಗ ಆ ಹುಡುಗಿಯ ಪ್ಲೇಟಿಗೆ ಬರೋಣ.

ಸೊಪ್ಪಿನ ಹುಳಿ ಮಾಡಿದವರಿಗೆ ಇದು ಹೊಸದಲ್ಲ. ಬೇಯುವಾಗ ಸೊಪ್ಪು ಹಸಿರಾಗಿರುತ್ತದೆ. ಹುಣಸೆರಸ ಹಾಕಿ ಕುದಿಸಿದರೆ ಸ್ವಲ್ಪ ಹೊತ್ತಿಗೆ ಮಂಕಾಗಿ ಕಂದುಹಸಿರಾಗುತ್ತದೆ. ಕ್ಲೋರೋಫಿಲ್‌ನ ಹೊಟ್ಟೆಯಲ್ಲಿ ಒಂದು ಮೆಗ್ನೀಸಿಯಂ ಪರಮಾಣು ಇರುತ್ತದೆ. ಆಮ್ಲ ಸಿಕ್ಕರೆ ಅದು ಹೊರಬಿದ್ದು, ಅದರ ಜಾಗಕ್ಕೆ ಎರಡು ಹೈಡ್ರೋಜನ್ ಬರುತ್ತದೆ. ಆಗ ಉಳಿಯುವುದೇ ಫಿಯೋಫೈಟಿನ್. ಅದರ ಬಣ್ಣ ಬೂದಿ, ಮತ್ತು ಸಿಲಿಕಾ ಅದನ್ನು ಕ್ಲೋರೋಫಿಲ್‌ನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಕ್ಲೋರೋಫಿಲ್ ಎಗಿಂತ ಸ್ವಲ್ಪ ಮೇಲೆ, 0.55ರ ಆಸುಪಾಸಿನಲ್ಲಿ ನಿಲ್ಲುತ್ತದೆ.

"ಯಾವ ಸೊಪ್ಪು ತಂದಿದ್ದೆ?" ಅಂತ ಕೇಳಿದೆ.

"ಪಾಲಕ್ ಸಿಗಲಿಲ್ಲ ಮೇಡಂ. ಮನೇಲಿ ಪುಂಡಿಪಲ್ಲೆ ಇತ್ತು, ಅದನ್ನೇ ತಂದೆ."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಪುಂಡಿ ಸೊಪ್ಪು ಹೆಸರಾಗಿರುವುದೇ ಹುಳಿಗೆ. ಎಲೆಯಲ್ಲಿ ಆ ಆಮ್ಲ ಬೇರೆ ಚೀಲದಲ್ಲಿರುತ್ತದೆ, ಕ್ಲೋರೋಫಿಲ್ ಬೇರೆ ಚೀಲದಲ್ಲಿ. ಕುಟ್ಟಾಣಿಯಲ್ಲಿ ಅರೆದ ಕೂಡಲೇ ಎರಡೂ ಬೆರೆಯುತ್ತವೆ. ಅವಳು ಅರೆದು, ಊಟಕ್ಕೆ ಹೋಗಿ ಬಂದು, ಒಂದು ಗಂಟೆ ಬಿಟ್ಟು ಚುಕ್ಕೆ ಇಟ್ಟಿದ್ದಳು.

ಬೂದಿ ಚುಕ್ಕೆ ಕಂಡಾಗ ತಪ್ಪು ಎಲ್ಲಿ ಆಯಿತು ಅಂತ ಹಿಡಿಯಲು ಮೂರು ಹೆಜ್ಜೆ. ಮೊದಲನೆಯದು, ಸಾರದ ಪ್ರನಾಳವನ್ನೇ ನೋಡಿ. ಆಗ ಅರೆದ ಸಾರದ ಪಕ್ಕದಲ್ಲಿ ಹಿಡಿದಾಗ ಹಳೆಯದು ಆಲಿವ್ ಬಣ್ಣಕ್ಕೆ ತಿರುಗಿದ್ದರೆ, ಪ್ಲೇಟಿಗೆ ಹೋಗುವ ಮೊದಲೇ ಕೆಟ್ಟಿದೆ. ಅವಳದ್ದು ಹಾಗೇ ಆಗಿತ್ತು.

ಎರಡನೆಯದು, ಅದೇ ಸೊಪ್ಪನ್ನು ಎರಡು ಪಾಲು ಮಾಡಿ. ಒಂದನ್ನು ಹಾಗೇ, ಇನ್ನೊಂದನ್ನು ಚಿಟಿಕೆ ಅಡುಗೆ ಸೋಡಾ ಹಾಕಿ ಅರೆಯಿರಿ. ಕ್ಯಾಲ್ಸಿಯಂ ಕಾರ್ಬೊನೇಟ್ ಇನ್ನೂ ಒಳ್ಳೆಯದು. ಸೀಮೆಸುಣ್ಣ ಪುಡಿ ಮಾಡಿ ಹಾಕಬೇಡಿ, ಈಗ ಸಿಗುವ ಹಲವು ಸೀಮೆಸುಣ್ಣ ಜಿಪ್ಸಂ. ಅದು ಆಮ್ಲವನ್ನು ತಣಿಸುವುದಿಲ್ಲ. ಎರಡನ್ನೂ ಐದು ನಿಮಿಷದೊಳಗೆ ಒಂದೇ ಪ್ಲೇಟಿನಲ್ಲಿ ಇಟ್ಟು ಓಡಿಸಿ. ನಾವು ಹಾಗೆ ಮಾಡಿದಾಗ ಸೋಡಾ ಹಾಕದ ಸಾಲಿನಲ್ಲಿ ಬೂದಿ ಚುಕ್ಕೆಯೇ ಯಜಮಾನ, ನೀಲಿಹಸಿರು ಇದ್ದೂ ಇಲ್ಲದ ಹಾಗೆ. ಸೋಡಾ ಹಾಕಿದ ಸಾಲಿನಲ್ಲಿ ಹಸಿರು ಎರಡೂ ವಾಪಸ್ ಬಂದವು, ಬೂದಿ ನೆರಳಷ್ಟೇ ಉಳಿಯಿತು.

ಮೂರನೆಯದು ಸ್ವಲ್ಪ ಕಷ್ಟದ್ದು, ಆದರೆ ನನಗೆ ಬಹಳ ಇಷ್ಟದ ಪರೀಕ್ಷೆ. ತಾಜಾ ಸಾರ, ಸೋಡಾ ಎಲ್ಲ ಇದ್ದೂ ಬೂದಿ ಬರುತ್ತಿದ್ದರೆ ಸಿಲಿಕಾ ಮೇಲೇ ಕ್ಲೋರೋಫಿಲ್ ಒಡೆಯುತ್ತಿರಬಹುದು. ಸಿಲಿಕಾ ತಾನೇ ಸ್ವಲ್ಪ ಆಮ್ಲೀಯ. ಒಂದು ಚೌಕ ಪ್ಲೇಟು ತಗೊಂಡು, ಒಂದು ಮೂಲೆಯಲ್ಲಿ ಒಂದೇ ಚುಕ್ಕೆ ಇಟ್ಟು ಓಡಿಸಿ. ತೆಗೆದು ಒಣಗಿಸಿ, ಕಾಲು ಸುತ್ತು ತಿರುಗಿಸಿ, ಅದೇ ದ್ರಾವಕದಲ್ಲಿ ಮತ್ತೆ ಓಡಿಸಿ. ಯಾವುದೂ ಒಡೆಯದಿದ್ದರೆ ಎಲ್ಲ ಚುಕ್ಕೆಗಳೂ ಮೂಲೆಯಿಂದ ಮೂಲೆಗೆ ಒಂದೇ ನೇರ ಗೆರೆಯಲ್ಲಿ ನಿಲ್ಲಬೇಕು. ಎರಡು ಸಲವೂ ಒಂದೇ ನಿಯಮ ಅಲ್ವಾ? ಕ್ಲೋರೋಫಿಲ್ ಎ ಚುಕ್ಕೆಯ ನೇರದಲ್ಲಿ, ಗೆರೆ ಬಿಟ್ಟು ಪಕ್ಕಕ್ಕೆ ಬೂದಿ ಚುಕ್ಕೆ ಕಂಡರೆ, ಅದು ಮೊದಲ ಓಟದಲ್ಲಿ ಹಸಿರಾಗಿದ್ದು ಆಮೇಲೆ ಪ್ಲೇಟಿನ ಮೇಲೆ ಹುಟ್ಟಿದ್ದು. ಬೂದಿ ಗೆರೆಯ ಮೇಲೇ ಇದ್ದರೆ ಸಾರದಲ್ಲೇ ಇತ್ತು. ಪ್ಲೇಟಿನದೇ ತಪ್ಪಾದರೆ ಚುಕ್ಕೆ ಇಟ್ಟು ಕಾಯಬೇಡಿ, ತಕ್ಷಣ ಓಡಿಸಿ, ಬಿಸಿಲಿನಿಂದ ದೂರ ಇಡಿ.

## ಬಣ್ಣ ಸರಿ ಇದೆ, ಆರ್‌ಎಫ್ ಮಾತ್ರ ಪುಸ್ತಕಕ್ಕೆ ಹೊಂದುತ್ತಿಲ್ಲ

ಅಥವಾ ಇನ್ನೂ ಅಪಾಯದ್ದು: ಬಣ್ಣ ತಪ್ಪಿದೆ, ಆರ್‌ಎಫ್ ಹೊಂದುತ್ತಿದೆ. ಅವಳಿಗೆ ಆಗಿದ್ದು ಇದೇ.

ಆರ್‌ಎಫ್ ಅಂದರೆ ಚುಕ್ಕೆ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದ್ದು. ಎರಡೂ ದೂರವನ್ನು ಪೆನ್ಸಿಲ್ ಗೆರೆಯಿಂದ ಅಳೆಯಬೇಕು, ಚುಕ್ಕೆಯ ನಡುವಿನವರೆಗೆ. ಅವಳು ಪ್ಲೇಟಿನ ಕೆಳ ಅಂಚಿನಿಂದ ಅಳೆದಿದ್ದಳು. ಎರಡಕ್ಕೂ ಒಂದೇ 1 ಸೆಂಟಿಮೀಟರ್ ಸೇರಿದರೆ ಏನಾಯ್ತು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಗೆರೆಯಿಂದ ದ್ರಾವಕ 6.0 ಸೆಂಟಿಮೀಟರ್ ಏರಿತ್ತು.

```
ಚುಕ್ಕೆ          ಸರಿಯಾದ ಲೆಕ್ಕ        ಅವಳ ಲೆಕ್ಕ
ಕಿತ್ತಳೆ         5.6 ÷ 6.0 = 0.93    6.6 ÷ 7.0 = 0.94
ಬೂದಿ           3.3 ÷ 6.0 = 0.55    4.3 ÷ 7.0 = 0.61
ನೀಲಿಹಸಿರು      2.9 ÷ 6.0 = 0.48    3.9 ÷ 7.0 = 0.56
ಹಳದಿಹಸಿರು     2.6 ÷ 6.0 = 0.43    3.6 ÷ 7.0 = 0.51
ಹಳದಿ           2.3 ÷ 6.0 = 0.38    3.3 ÷ 7.0 = 0.47
ಕೆಳಗಿನ ಹಳದಿ    1.2 ÷ 6.0 = 0.20    2.2 ÷ 7.0 = 0.31
```

ಮೇಲಿನ ಚುಕ್ಕೆಗೆ ತಪ್ಪು ತಾಗಲೇ ಇಲ್ಲ. ಕೆಳಗೆ ಹೋದಷ್ಟೂ ತಪ್ಪು ದೊಡ್ಡದಾಗುತ್ತದೆ. ಇದೇ ಇದರ ಗುರುತು. ಕ್ಯಾರೋಟಿನ್ ಸರಿ ಬಂದು, ಕೆಳಗಿನವೆಲ್ಲ ಉಬ್ಬಿದ್ದರೆ ಮೊದಲು ಸ್ಕೇಲನ್ನು ಎಲ್ಲಿಂದ ಇಟ್ಟಿರಿ ಅಂತ ನೋಡಿ. ಪ್ಲೇಟು ಒದ್ದೆಯಾಗಿದ್ದರೂ ಚುಕ್ಕೆಗಳು ಏರುತ್ತವೆ ನಿಜ, ಆದರೆ ಅದನ್ನು ಅನುಮಾನಿಸುವ ಮೊದಲು ಅಳತೆ ಇನ್ನೊಮ್ಮೆ ತಗೊಳ್ಳಿ. ಅದಕ್ಕೆ ಒಂದು ನಿಮಿಷ ಸಾಕು.

ಇನ್ನು ಅವಳ ಮೂರನೇ ತಪ್ಪು. ಅವಳು ಹೋಲಿಸಿದ ಪಟ್ಟಿಯಲ್ಲಿ ಕ್ಯಾರೋಟಿನ್ 0.95, ಜ್ಯಾಂಥೋಫಿಲ್ 0.71, ಕ್ಲೋರೋಫಿಲ್ ಎ 0.65, ಬಿ 0.45 ಅಂತ ಇತ್ತು. ಪಿಯುಸಿಯಲ್ಲಿ ನಾವೆಲ್ಲ ನೋಡಿದ ಸಂಖ್ಯೆಗಳು ಇವು. ಆದರೆ ಅವು ಕಾಗದದ ಕ್ರೊಮ್ಯಾಟೊಗ್ರಫಿಯವು. ಕಾಗದ ಅಂದರೆ ಸೆಲ್ಯುಲೋಸ್, ನೀರು ಹಿಡಿದುಕೊಂಡಿರುವ ನಾರು. ಸಿಲಿಕಾ ಹಿಡಿಯುವ ರೀತಿಯೇ ಬೇರೆ. ಸಂಖ್ಯೆ ಮಾತ್ರವಲ್ಲ, ಸಾಲಿನ ಕ್ರಮವೇ ಬದಲಾಗುತ್ತದೆ. ಕಾಗದದಲ್ಲಿ ಹಳದಿ ಜ್ಯಾಂಥೋಫಿಲ್ ಎರಡು ಹಸಿರಿಗಿಂತ ಮೇಲೆ. ನಮ್ಮ ಸಿಲಿಕಾ ಪ್ಲೇಟಿನಲ್ಲಿ ಕೆಳಗೆ.

ಈಗ ಮೂರನ್ನೂ ಕೂಡಿಸಿ ನೋಡಿ. ಅಂಚಿನಿಂದ ಅಳೆದದ್ದರಿಂದ ಬೂದಿ ಚುಕ್ಕೆ 0.61 ಆಯಿತು. ಪಟ್ಟಿಯ 0.65ರ ಹತ್ತಿರ ಇದೆ ಅಂತ ಅವಳು ಅದನ್ನು ಕ್ಲೋರೋಫಿಲ್ ಎ ಅಂದಳು. ಹಳದಿ ಚುಕ್ಕೆ 0.47, ಪಟ್ಟಿಯ 0.45ಕ್ಕೆ ಹತ್ತಿರ, ಅದು ಕ್ಲೋರೋಫಿಲ್ ಬಿ ಆಯಿತು. ನಿಜವಾದ ಹಸಿರುಗಳಿಗೆ ಪಟ್ಟಿಯಲ್ಲಿ ಜಾಗವೇ ಉಳಿಯಲಿಲ್ಲ, "ಕಲ್ಮಶ" ಅಂತ ಬರೆದುಬಿಟ್ಟಿದ್ದಳು. ಸಂಖ್ಯೆ ಬಿಟ್ಟು ಬಣ್ಣ ನೋಡಿದ್ದರೆ ಅಲ್ಲೇ ನಿಲ್ಲುತ್ತಿದ್ದಳು. ಹಳದಿ ಚುಕ್ಕೆ ಕ್ಲೋರೋಫಿಲ್ ಹೇಗಾಗುತ್ತೆ?

ಹಾಗಾದರೆ ಯಾವುದಕ್ಕೆ ಹೋಲಿಸಬೇಕು? ಅದೇ ಪ್ಲೇಟಿನಲ್ಲಿ ಪಕ್ಕಕ್ಕೆ ಓಡಿದ ಗೊತ್ತಿರುವ ವಸ್ತುವಿಗೆ. ಪ್ಲೇಟಿನ ತೇವ, ಬೀಕರಿನ ಆವಿ, ದ್ರಾವಕದ ವಯಸ್ಸು ಏನಿದ್ದರೂ ಇಬ್ಬರಿಗೂ ಒಂದೇ. ಕ್ಯಾರೋಟಿನ್‌ಗೆ ಐದು ರೂಪಾಯಿಯ ಗಜ್ಜರಿ ಸಾಕು. ತುರಿದು, ಹಿಂಡಿ, ಹೆಕ್ಸೇನಿನಲ್ಲಿ ನೆನೆಸಿದರೆ ಸಿಗುವ ಕಿತ್ತಳೆ ಸಾರವನ್ನು ಒಂದು ಸಾಲಿನಲ್ಲಿ ಇಡಿ. ನಡುವಿನ ಸಾಲಿನಲ್ಲಿ ಸೊಪ್ಪು ಮತ್ತು ಗಜ್ಜರಿ ಎರಡನ್ನೂ ಒಂದರ ಮೇಲೊಂದು ಇಡಿ. ಆ ಸಾಲಿನಲ್ಲಿ ಕಿತ್ತಳೆ ಚುಕ್ಕೆ ಒಂದೇ ಆಗಿ ಉಳಿದರೆ ಎರಡೂ ಒಂದೇ ಇರಬಹುದು. ಎರಡಾಗಿ ಒಡೆದರೆ ಖಂಡಿತ ಬೇರೆ. ಫಿಯೋಫೈಟಿನ್‌ಗೂ ಹೀಗೇ ಮನೆಮದ್ದು ಇದೆ: ಪಾಲಕ್ ಸಾರದ ಒಂದು ಪಾಲಿಗೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬೇಗ ಬೂದಿಗೆ ತಿರುಗುತ್ತದೆ. ಅದೇ ನಿಮ್ಮ ಹೋಲಿಕೆಯ ಚುಕ್ಕೆ.

ಹೋಲಿಕೆಯ ವಸ್ತು ಆರಿಸುವಾಗ ಎರಡು ಕಡೆ ಎಡವುವುದನ್ನು ನೋಡಿದ್ದೇನೆ. ಗುಂಡ್ಲುಪೇಟೆ ಕಡೆ ಹೊಲಗಟ್ಟಲೆ ಬೆಳೆಯುವ ಚೆಂಡುಹೂವಿನಲ್ಲಿ ಲ್ಯೂಟಿನ್ ತುಂಬಿರುತ್ತದೆ. ಸೊಪ್ಪಿನ ಹಳದಿ ಚುಕ್ಕೆಗಳಲ್ಲೂ ಲ್ಯೂಟಿನ್ ಒಂದು. ಹಾಗಂತ ಚೆಂಡುಹೂವಿನ ಸಾರ ಪಕ್ಕಕ್ಕೆ ಓಡಿಸಿದರೆ ಹಳದಿ ಹೋಗಿ ತುದಿಯ ಹತ್ತಿರ ನಿಲ್ಲುತ್ತದೆ! ಹೂವಿನ ಲ್ಯೂಟಿನ್ ಕೊಬ್ಬಿನ ಆಮ್ಲಗಳಿಗೆ ಕಟ್ಟಿಕೊಂಡಿರುತ್ತದೆ, ಸಿಲಿಕಾ ಹಿಡಿಯಬೇಕಾದ ಆಕ್ಸಿಜನ್ ಮುಚ್ಚಿಹೋಗಿರುತ್ತದೆ. ಅದೇ ಬಣ್ಣ, ಬೇರೆ ಅಣು. ಇನ್ನೊಂದು, ಕೆಂಪು ಹರಿವೆ. ಅದರ ಕೆಂಪು ಪೆನ್ಸಿಲ್ ಗೆರೆಯಲ್ಲೇ ಕೂತುಬಿಡುತ್ತದೆ, ಅಸಿಟೋನ್ ಎಷ್ಟು ಹೆಚ್ಚಿಸಿದರೂ ಏಳುವುದಿಲ್ಲ. ಅದು ನೀರಿನಲ್ಲಿ ಕರಗುವ ಬೀಟಾಸಯನಿನ್. ತಪ್ಪಲ್ಲ, ಈ ದ್ರಾವಕ ಅದಕ್ಕೆ ಅಲ್ಲ ಅಷ್ಟೇ.

## ನಿನ್ನೆ ಇದ್ದ ಚುಕ್ಕೆ ಇವತ್ತು ಇಲ್ಲ

ಕ್ಯಾರೋಟಿನ್ ಬೆಳಕು ಮತ್ತು ಗಾಳಿಗೆ ಬಿಳಿಚಿಕೊಳ್ಳುತ್ತದೆ. ಹಸಿರುಗಳೂ ಮಂಕಾಗುತ್ತವೆ. ಪ್ಲೇಟ್ ತೆಗೆದ ಕೂಡಲೇ, ಒಣಗುವ ಮೊದಲು ದ್ರಾವಕದ ಗೆರೆ ಗುರುತಿಸಿ. ಒಣಗಿದ ಮೇಲೆ ಅದು ಕಾಣುವುದಿಲ್ಲ, ಆಮೇಲೆ ಅಂದಾಜಿನಲ್ಲಿ ಎಳೆದ ಗೆರೆಗೆ ಆರ್‌ಎಫ್ ಲೆಕ್ಕ ಹಾಕಿ ಪ್ರಯೋಜನವಿಲ್ಲ. ದ್ರಾವಕ ಪ್ಲೇಟಿನ ತುದಿ ಮುಟ್ಟಿಬಿಟ್ಟಿದ್ದರೂ ಅಷ್ಟೇ, ಆ ಓಟ ಬಿಡಿ. ನಂತರ ಪ್ರತಿ ಚುಕ್ಕೆಯ ಸುತ್ತ ಪೆನ್ಸಿಲ್ ಎಳೆದು, ಬಣ್ಣವನ್ನು ಪಕ್ಕದಲ್ಲಿ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

## ಎಲ್ಲಿ ನಿಲ್ಲಿಸಬೇಕು?

ಎ ಮತ್ತು ಫಿಯೋಫೈಟಿನ್ ಒಂದರ ಮೇಲೊಂದು ಬಿದ್ದು, ಅನುಪಾತ ಮೂರು ಸಲ ಬದಲಿಸಿದರೂ ಬಿಡಿಸಿಕೊಳ್ಳದಿದ್ದರೆ ದ್ರಾವಕದ ಜೊತೆ ಇನ್ನೂ ಗುದ್ದಾಡಬೇಡಿ. 365 ನ್ಯಾನೋಮೀಟರ್ ಯುವಿ ದೀಪ ಇದ್ದರೆ ಒಮ್ಮೆ ನೋಡಿ. ಕ್ಲೋರೋಫಿಲ್ ಮತ್ತು ಫಿಯೋಫೈಟಿನ್ ಕೆಂಪಗೆ ಹೊಳೆಯುತ್ತವೆ, ಹಳದಿಗಳು ಹೊಳೆಯುವುದಿಲ್ಲ. ಹಳದಿ ಚುಕ್ಕೆ ಕೆಂಪಗೆ ಹೊಳೆದರೆ ಅದರೊಳಗೆ ಹಸಿರೊಂದು ಅಡಗಿದೆ. ದೀಪವನ್ನು ಬರಿಗಣ್ಣಿನಲ್ಲಿ ನೋಡಬೇಡಿ, ಯುವಿ ಕನ್ನಡಕ ಹಾಕಿಕೊಳ್ಳಿ.

ಎಷ್ಟು ಎ, ಎಷ್ಟು ಬಿ ಅನ್ನುವ ಪ್ರಶ್ನೆಗೆ ಟಿಎಲ್‌ಸಿ ಉತ್ತರ ಕೊಡುವುದಿಲ್ಲ. ಚುಕ್ಕೆಯ ದಪ್ಪ ನೋಡಿ ಊಹಿಸಬೇಡಿ. ಅದಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಬೇಕು: ಸಾರವನ್ನು 80 ಪ್ರತಿಶತ ಅಸಿಟೋನಿನಲ್ಲಿ ತೆಗೆದು, ಸುಮಾರು 663 ಮತ್ತು 645 ನ್ಯಾನೋಮೀಟರಿನಲ್ಲಿ ಓದುವುದು. ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಪಕ್ಕದ ಬಯೋಕೆಮಿಸ್ಟ್ರಿಯವರನ್ನು ಕೇಳಿ. ಹಳದಿಗಳನ್ನು ಒಂದೊಂದಾಗಿ ಹೆಸರಿಸಬೇಕಿದ್ದರೆ ಎಚ್‌ಪಿಎಲ್‌ಸಿ ಯಂತ್ರ ಇರುವ ಕಡೆ ಹೋಗಬೇಕು.

ಬಳಸಿದ ದ್ರಾವಕವನ್ನು ಸಿಂಕಿಗೆ ಸುರಿಯಬೇಡಿ. ಲೇಬಲ್ ಹಚ್ಚಿದ ವೇಸ್ಟ್ ಬಾಟಲಿಗೆ ಹಾಕಿ ಮುಚ್ಚಿಡಿ. ಆ ದಿನ ಉಳಿದ ಪುಂಡಿ ಸೊಪ್ಪನ್ನು ಹುಡುಗಿ ವಾಪಸ್ ಮನೆಗೆ ಒಯ್ಯಲು ಹೊರಟಿದ್ದಳು. ದ್ರಾವಕದ ಮೇಜಿನ ಮೇಲೆ ಎರಡು ಗಂಟೆ ಇದ್ದ ಸೊಪ್ಪು ಅಂತ ತಡೆದು, ಕಸದ ಬುಟ್ಟಿಗೆ ಹಾಕಿಸಿದೆ.